ಅದೇ ಮುಖ, ಮೂವತ್ತೈದು ವರ್ಷ ಆಚೆ

ಒಬ್ಬರ ಈಗಿನ ಫೋಟೋವನ್ನು ಎದುರಿಗಿಟ್ಟುಕೊಂಡು, ಕೆಲವು ದಶಕಗಳ ನಂತರ ಅವರೇ ಹೇಗೆ ಕಾಣಬಹುದು ಎಂದು ಚಿತ್ರಿಸುವ ಕೆಲಸಕ್ಕೆ ಏಜ್ ಪ್ರೋಗ್ರೆಷನ್ ಎನ್ನುತ್ತಾರೆ. ಇದು ಎಐ ಬರುವುದಕ್ಕಿಂತ ಹಳೆಯದು. ಮುಖಕ್ಕೆ ಬೇರೊಂದು ವಯಸ್ಸು ಕೊಡುವ ಯಂತ್ರವೊಂದಕ್ಕೆ ಅಮೆರಿಕದ ಕಲಾವಿದೆ ನ್ಯಾನ್ಸಿ ಬರ್ಸನ್ 1981ರಲ್ಲೇ ಪೇಟೆಂಟ್ ಪಡೆದಿದ್ದರು. ಕಾಣೆಯಾದ ಮಕ್ಕಳ ಪತ್ತೆಗಾಗಿ 1984ರಲ್ಲಿ ಅಲ್ಲಿ ಹುಟ್ಟಿಕೊಂಡ ರಾಷ್ಟ್ರೀಯ ಕೇಂದ್ರದ ಕಲಾವಿದರು ಮಗುವಿನ ಹಳೆಯ ಫೋಟೋ ಜೊತೆಗೆ ತಂದೆ ತಾಯಿ, ಅಣ್ಣ ತಮ್ಮಂದಿರ ಫೋಟೋಗಳನ್ನೂ ಇಟ್ಟುಕೊಂಡು ಇಂಥ ಚಿತ್ರ ತಯಾರಿಸುತ್ತಾರೆ. 2019ರಲ್ಲಿ ಫೇಸ್‌ಆ್ಯಪ್‌ನ ಮುಪ್ಪಿನ ಫಿಲ್ಟರ್ ಜಗತ್ತಿನಾದ್ಯಂತ ಹುಚ್ಚು ಹಿಡಿಸಿತು. ಈಗ ಜೆಮಿನಿ, ಚಾಟ್‌ಜಿಪಿಟಿ, ಫ್ಲಕ್ಸ್ ಕಾಂಟೆಕ್ಸ್ಟ್‌ನಂಥ ಸಾಧನಗಳಿಗೆ ಒಂದು ಫೋಟೋ ಕೊಟ್ಟು, ಏನು ಬೇಕೆಂದು ಬರೆದರೆ ಸಾಕು, ಚಿತ್ರ ಬರುತ್ತದೆ. ಮುದಿಮುಖ ಬರುವುದರಲ್ಲಿ ಈಗ ಕಷ್ಟವೇನಿಲ್ಲ. ಆದರೆ ಬಂದ ಮುಖ ಫೋಟೋ ಕೊಟ್ಟವರದ್ದೇ ಆಗಿರುವುದು ಅಪರೂಪ.

ಇದಕ್ಕೆ ಕಾರಣ ಮಾಡೆಲ್‌ಗಳು ಕಲಿತ ರೀತಿಯಲ್ಲಿದೆ. ಅವು ಕೋಟ್ಯಂತರ ಚಿತ್ರಗಳನ್ನು ನೋಡಿ ಕಲಿತಿವೆ. ಅವುಗಳಲ್ಲಿ ತರುಣರಿದ್ದಾರೆ, ವೃದ್ಧರಿದ್ದಾರೆ. ಆದರೆ ಒಬ್ಬರೇ ವ್ಯಕ್ತಿ ಅದೇ ಭಂಗಿ, ಅದೇ ಬೆಳಕಿನಲ್ಲಿ ಮೂವತ್ತರಲ್ಲೊಮ್ಮೆ, ಅರವತ್ತೈದರಲ್ಲೊಮ್ಮೆ ನಿಂತ ಜೋಡಿ ಚಿತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಸಿನಿಮಾ ನಟರ ವಯಸ್ಸು ಏರಿಸಿ ಇಳಿಸುವ ವ್ಯವಸ್ಥೆಯನ್ನು 2022ರಲ್ಲಿ ಪ್ರಕಟಿಸಿದ ಡಿಸ್ನಿ ಸಂಶೋಧಕರು ಈ ಕೊರತೆಯಿಂದಾಗಿಯೇ ನಿಜವಾದ ಜನರನ್ನು ಬಿಟ್ಟು, ಕಂಪ್ಯೂಟರ್ ಸೃಷ್ಟಿಸಿದ ಮುಖಗಳ ಮೇಲೆ ತಮ್ಮ ಮಾಡೆಲ್‌ಗೆ ತರಬೇತಿ ಕೊಟ್ಟರು. ಹೀಗಾಗಿ ‘ಮುದುಕಿ’ ಎಂದು ಬರೆದ ಕೂಡಲೇ ಮಾಡೆಲ್‌ಗೆ ಹೊಳೆಯುವುದು ತಾನು ಕಂಡ ಎಲ್ಲ ಮುದುಕಿಯರ ಸರಾಸರಿ: ಹತ್ತಿಯಂಥ ಬಿಳಿ ಕೂದಲು, ಮುಖದ ತುಂಬ ಸುಕ್ಕಿನ ಬಲೆ, ತುಸು ಬಿಳಿಚಿದ ಚರ್ಮ, ಹೆಗಲ ಮೇಲೊಂದು ಶಾಲು. ಆ ಸರಾಸರಿಯ ಕಡೆಗೆ ಮುಖ ಜಾರಿತೆಂದರೆ ಮೂಲದ ವ್ಯಕ್ತಿ ಕಳೆದುಹೋದಂತೆಯೇ. ಪ್ರಾಂಪ್ಟ್ ಬರೆಯುವವರು ಮಾಡಬೇಕಾದ್ದು ಈ ಜಾರಾಟವನ್ನು ತಡೆಯುವ ಕೆಲಸ. ವಯಸ್ಸನ್ನು ಒಂದು ವಿಶೇಷಣದಲ್ಲಿ ಹೇಳಿ ಮುಗಿಸದೆ, ಮುಖದಲ್ಲಿ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ಬಿಡಿಸಿ ಹೇಳಬೇಕು. ಅದಕ್ಕೆ ಮುಖಕ್ಕೆ ವಯಸ್ಸಾಗುವ ಬಗೆ ಸ್ವಲ್ಪ ತಿಳಿದಿರಬೇಕು.

ಮುಪ್ಪೆಂದರೆ ಸುಕ್ಕು ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಸುಕ್ಕಿಗಿಂತ ಮೊದಲು ಮತ್ತು ಸುಕ್ಕಿಗಿಂತ ಹೆಚ್ಚಾಗಿ ಬದಲಾಗುವುದು ಮುಖದ ತುಂಬು. ಚರ್ಮದ ಕೆಳಗೆ ಕೆನ್ನೆ, ಕಣತಲೆ, ಕಣ್ಣಿನ ಸುತ್ತ ಕೊಬ್ಬಿನ ಪುಟ್ಟ ಪುಟ್ಟ ಪದರಗಳಿರುತ್ತವೆ. ವರ್ಷ ಕಳೆದಂತೆ ಇವುಗಳಲ್ಲಿ ಕೆಲವು ಕರಗುತ್ತವೆ, ಕೆಲವು ಕೆಳಗೆ ಜಾರುತ್ತವೆ. ಒಳಗಿನ ಮೂಳೆಯೂ ಸುಮ್ಮನಿರುವುದಿಲ್ಲ: ಕಣ್ಣಿನ ಗೂಡು ನಿಧಾನವಾಗಿ ಅಗಲವಾಗುತ್ತದೆ, ಮೇಲ್ದವಡೆ ಒಳಕ್ಕೆ ಸರಿಯುತ್ತದೆ, ಹಲ್ಲು ಬಿದ್ದ ಕಡೆ ದವಡೆಯ ಮೂಳೆ ಸವೆಯುತ್ತದೆ. ಹತ್ತಿ ಇಳಿದ ದಿಂಬಿನ ಗವಸಿನಂತೆ ಚರ್ಮ ಆಧಾರ ಕಳೆದುಕೊಂಡು ಮಡಿಕೆ ಬೀಳುತ್ತದೆ. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆ ಆಳವಾಗುವುದು, ಗದ್ದದ ಎರಡು ಬದಿಗೆ ಕೆನ್ನೆ ಜೋಲುಬಿದ್ದು ದವಡೆಯ ನೇರ ಅಂಚು ಅಲೆಯಂತಾಗುವುದು ಈ ಕಾರಣಕ್ಕೆ. ಇದನ್ನು ಹೇಳದೆ ‘ಸುಕ್ಕು ಹಾಕು’ ಎಂದಷ್ಟೇ ಬರೆದರೆ ಇಪ್ಪತ್ತೈದರ ತುಂಬು ಕೆನ್ನೆಯ ಮೇಲೆ ಎಂಬತ್ತರ ಗೆರೆಗಳನ್ನು ಎಳೆದ ವಿಚಿತ್ರ ಚಿತ್ರ ಬರುತ್ತದೆ. ನಾಟಕದ ಮೇಕಪ್ಪಿನಂತೆ ಕಾಣುವ ಎಐ ಮುದಿಮುಖಗಳಲ್ಲಿ ಬಹುಪಾಲಿನ ದೋಷ ಇದೇ.

ಸುಕ್ಕುಗಳಿಗೂ ಒಂದು ಲೆಕ್ಕವಿದೆ. ಮುಖದ ಸ್ನಾಯು ಯಾವ ದಿಕ್ಕಿಗೆ ಎಳೆಯುತ್ತದೋ ಅದಕ್ಕೆ ಅಡ್ಡಲಾಗಿ ಗೆರೆ ಬೀಳುತ್ತದೆ. ಹುಬ್ಬನ್ನು ಮೇಲೆತ್ತುವ ಸ್ನಾಯುವಿನಿಂದ ಹಣೆಯಲ್ಲಿ ಅಡ್ಡಗೆರೆ, ಹುಬ್ಬು ಗಂಟಿಕ್ಕುವ ಸ್ನಾಯುವಿನಿಂದ ಹುಬ್ಬುಗಳ ನಡುವೆ ಉದ್ದಗೆರೆ, ಕಣ್ಣು ಕಿರಿದು ಮಾಡುವ ಸ್ನಾಯುವಿನಿಂದ ಕಣ್ಣಂಚಿನಲ್ಲಿ ಬೀಸಣಿಗೆಯ ಗೆರೆಗಳು. ಮೂವತ್ತರಲ್ಲಿ ನಕ್ಕಾಗ ಮಾತ್ರ ಕಂಡು ಮಾಯವಾಗುವ ಮಡಿಕೆಗಳೇ ಅರವತ್ತರಲ್ಲಿ ನಗದಿದ್ದಾಗಲೂ ಉಳಿದುಕೊಳ್ಳುತ್ತವೆ. ಅಂದರೆ ಒಬ್ಬರ ಮುಪ್ಪಿನ ನಕಾಶೆ ಅವರ ಇಂದಿನ ನಗುವಿನಲ್ಲೇ ಇದೆ. ಎರಡು ಬದಿಯ ಗೆರೆಗಳು ಒಂದೇ ತೆರನಾಗಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಯಾವ ಬದಿಗೆ ಹೆಚ್ಚು ನಗುತ್ತಾರೋ ಆ ಬದಿ ಆಳವಾಗಿರುತ್ತದೆ.

ಕಿವಿ ಮೂಗುಗಳನ್ನು ಹೆಚ್ಚಿನವರು ಮರೆಯುತ್ತಾರೆ. 1995ರಲ್ಲಿ ಬ್ರಿಟನ್ನಿನ ವೈದ್ಯ ಜೇಮ್ಸ್ ಹೀತ್‌ಕೋಟ್ 200ಕ್ಕೂ ಹೆಚ್ಚು ಜನರ ಕಿವಿ ಅಳೆದು, ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದ್ದರು. ಮೂವತ್ತೈದು ವರ್ಷಕ್ಕೆ ಅದು ಮುಕ್ಕಾಲು ಸೆಂಟಿಮೀಟರ್‌ನಷ್ಟು, ಫೋಟೋದಲ್ಲಿ ಎದ್ದು ಕಾಣುವಂಥ ವ್ಯತ್ಯಾಸ. ಮೂಗಿನ ತುದಿ ಕೆಳಗೆ ಬಾಗುತ್ತದೆ. ಮೇಲ್ದುಟಿ ತೆಳುವಾಗಿ, ಮೂಗಿಗೂ ತುಟಿಗೂ ನಡುವಿನ ಜಾಗ ಉದ್ದವಾಗುತ್ತದೆ. ಇವಿಷ್ಟನ್ನೂ ಬಿಟ್ಟರೆ ಸುಕ್ಕು ಎಷ್ಟೇ ಸರಿಯಿದ್ದರೂ ಮುಖದ ಕೆಳಭಾಗ ತರುಣವಾಗಿಯೇ ಉಳಿಯುತ್ತದೆ.

ಚರ್ಮದ ಬಣ್ಣದ ವಿಷಯದಲ್ಲಿ ನಮ್ಮವರ ಮುಖಗಳಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಬಿಳಿಯರ ಚರ್ಮದಲ್ಲಿ ಬೇಗ ಬರುವ ನವಿರು ಸುಕ್ಕು ಕಂದು ಚರ್ಮದಲ್ಲಿ ತಡವಾಗಿ ಬರುತ್ತದೆ. ಇಲ್ಲಿ ವಯಸ್ಸನ್ನು ಮೊದಲು ಹೇಳುವುದು ಬಣ್ಣದ ಏರುಪೇರು: ಕಣ್ಣಿನ ಸುತ್ತ ಕಪ್ಪು, ಕೆನ್ನೆ ಹಣೆಗಳ ಮೇಲೆ ಬಂಗು, ಕೆನ್ನೆಮೂಳೆಯ ಸುತ್ತ ನರಹುಲಿಯಂಥ ಸಣ್ಣ ಕರಿ ಚುಕ್ಕೆಗಳು. ಮಾಡೆಲ್‌ಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಕಂದು ಚರ್ಮವನ್ನು ಒಂದೆರಡು ಛಾಯೆ ಬೆಳ್ಳಗೆ ಮಾಡಿ, ಅದರ ಮೇಲೆ ಯುರೋಪಿನ ಅಜ್ಜಿಯ ಸುಕ್ಕುಗಳನ್ನು ಕೂರಿಸುವುದುಂಟು.

ಇನ್ನು ಬದಲಾಗದ ಭಾಗ. ಎರಡು ಕಣ್ಣಾಲಿಗಳ ನಡುವಿನ ಅಂತರ ವಯಸ್ಕರಲ್ಲಿ ಹೆಚ್ಚುಕಡಿಮೆ ಸ್ಥಿರ. ಕಣ್ಣಿನ ಬಣ್ಣ, ಹುಬ್ಬಿನ ಮೂಲ ಆಕಾರ, ಮೂಗಿನ ದಂಡಿನ ರೂಪ, ಮಚ್ಚೆ, ಗಾಯದ ಕಲೆ, ಮುಖದ ಎಡ ಬಲಗಳ ನಡುವಿನ ಹುಟ್ಟು ವ್ಯತ್ಯಾಸ ಇವೂ ಹಾಗೆಯೇ. ‘ಇವರು ಅವರೇ’ ಎಂದು ನೋಡಿದವರಿಗೆ ಅನಿಸುವುದು ಈ ಕೆಲವು ಗುರುತುಗಳಿಂದ. ಅದರಲ್ಲೂ ಎಡಬಲದ ವ್ಯತ್ಯಾಸವನ್ನು ಮಾಡೆಲ್‌ಗಳು ದೋಷವೆಂದು ತಿಳಿದು ಸರಿಪಡಿಸಿಬಿಡುತ್ತವೆ. ಸರಿಪಡಿಸಿದ ಮರುಗಳಿಗೆ ಹೋಲಿಕೆ ಹಾರಿಹೋಗುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಫೋಟೋ ಸರಿಯಾಗಿರಬೇಕು. ಫೋನಿನ ಬ್ಯೂಟಿ ಮೋಡ್‌ನಲ್ಲಿ ತೆಗೆದದ್ದು ಬೇಡ; ಮಚ್ಚೆ, ರಂಧ್ರ, ಚುಕ್ಕೆಗಳನ್ನೆಲ್ಲ ಅದು ಒರೆಸಿ ಹಾಕಿರುತ್ತದೆ, ಮಾಡೆಲ್‌ಗೆ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಕೈಚಾಚಿ ತೆಗೆದ ಸೆಲ್ಫಿಯೂ ಬೇಡ. ಕ್ಯಾಮೆರಾ ಒಂದಡಿ ದೂರದಲ್ಲಿದ್ದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಕಾಣುತ್ತವೆ, ಮುಪ್ಪಿನ ಚಿತ್ರ ಆ ವಿಕಾರವನ್ನು ಇನ್ನೂ ಹಿಗ್ಗಿಸುತ್ತದೆ. ಐದಾರು ಅಡಿ ದೂರದಿಂದ, ಕಿಟಕಿಯ ಹದವಾದ ಬೆಳಕಿನಲ್ಲಿ, ನಗದೆ ನೇರ ನೋಡುತ್ತಿರುವಾಗ ತೆಗೆದದ್ದು ಒಳ್ಳೆಯದು. ಮುಖ್ಯ ಫೋಟೋ ನಗುಮುಖದ್ದಾದರೆ ನಗುವಿನ ಮಡಿಕೆಗಳನ್ನು ಮಾಡೆಲ್ ಶಾಶ್ವತ ಸುಕ್ಕೆಂದು ತಿಳಿದು ಅತಿ ಮಾಡುತ್ತದೆ. ನಗುತ್ತಿರುವ, ಹುಬ್ಬೇರಿಸಿದ ಇನ್ನೊಂದು ಫೋಟೋವನ್ನು ಗೆರೆಗಳು ಎಲ್ಲಿ ಬೀಳುತ್ತವೆ ಎಂದು ನೋಡಿ ಬರೆದುಕೊಳ್ಳಲು ಪಕ್ಕದಲ್ಲಿಟ್ಟುಕೊಂಡರೆ ಸಾಕು.

ತಾಯಿಯ ಅಥವಾ ತಂದೆಯ ಅರವತ್ತರ ಫೋಟೋ ಸಿಕ್ಕರೆ ಅದಕ್ಕಿಂತ ದೊಡ್ಡ ಸುಳಿವಿಲ್ಲ. ಕೂದಲು ಎಲ್ಲಿಂದ ನರೆಯಿತು, ರೆಪ್ಪೆ ಎಷ್ಟು ಇಳಿಯಿತು, ಕುತ್ತಿಗೆ ಹೇಗಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಆದರೆ ಆ ಫೋಟೋವನ್ನೂ ಸಾಧನಕ್ಕೆ ಕೊಡುವುದು ಜಾಣತನವಲ್ಲ. ಎರಡು ಮುಖ ಕೊಟ್ಟರೆ ಮಾಡೆಲ್ ಅವೆರಡನ್ನೂ ಬೆರೆಸಿ ಮೂರನೆಯವರನ್ನು ಹುಟ್ಟಿಸುವ ಅಪಾಯವಿದೆ. ತಾಯಿಯ ಮುಖದಲ್ಲಿ ಕಂಡದ್ದನ್ನು ಮಾತಿನಲ್ಲಿ ಬರೆದು ಕೊಡುವುದೇ ಲೇಸು.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡಬಹುದು. ಕಿರುಚಿತ್ರವೊಂದರಲ್ಲಿ 30 ವರ್ಷದ ನಟಿಯೊಬ್ಬರು 65ರ ಮಹಿಳೆಯಾಗಿಯೂ ಕಾಣಬೇಕು. ಮೇಕಪ್ ಮಾಡುವವರಿಗೆ ಮಾದರಿ ಚಿತ್ರವೊಂದು ಬೇಕು ಎಂದುಕೊಳ್ಳೋಣ. ಗೋಧಿ ಬಣ್ಣ, ದುಂಡು ಕೆನ್ನೆ, ಮೇಲ್ದುಟಿಯ ಎಡಕ್ಕೊಂದು ಮಚ್ಚೆ, ಬಲಕ್ಕಿಂತ ತುಸು ಮೇಲಿರುವ ಎಡ ಹುಬ್ಬು, ನಡುಬೈತಲೆ, ಮೂಗುಬೊಟ್ಟು, ಕಿವಿಯಲ್ಲಿ ಓಲೆ. ‘ಇವರನ್ನು 65 ವರ್ಷದ ಮುದುಕಿ ಮಾಡು’ ಎಂದು ಬರೆದಾಗ ಬರುವ ಚಿತ್ರ ಹೇಗಿರುತ್ತದೆಂದು ಈಗಾಗಲೇ ಊಹಿಸಬಹುದು: ವಯಸ್ಸು ಎಂಬತ್ತು ದಾಟಿರುತ್ತದೆ, ಮಚ್ಚೆ ಮಾಯವಾಗಿರುತ್ತದೆ, ಹುಬ್ಬುಗಳು ಸಮವಾಗಿರುತ್ತವೆ. ಅದರ ಬದಲು ಹೀಗೆ ಬರೆಯಬಹುದು:

```
ಫೋಟೋದಲ್ಲಿರುವ ಮಹಿಳೆಗೆ ಈಗ 30 ವರ್ಷ. ಇದೇ ಮಹಿಳೆಯನ್ನು
65ನೇ ವಯಸ್ಸಿನಲ್ಲಿ ತೋರಿಸು. ಆರೋಗ್ಯವಂತೆ, 80ರವಳಂತೆ ಕಾಣಬಾರದು.

ಬದಲಾಗಬಾರದು: ಕಣ್ಣುಗಳ ಅಂತರ ಮತ್ತು ಬಣ್ಣ, ಮೂಗಿನ ದಂಡು,
ಬಲಕ್ಕಿಂತ ಮೇಲಿರುವ ಎಡ ಹುಬ್ಬು, ಮೇಲ್ದುಟಿಯ ಎಡಗಡೆಯ ಮಚ್ಚೆ,
ಗೋಧಿ ಮೈಬಣ್ಣ, ಭಂಗಿ, ಬೆಳಕು, ಹಿನ್ನೆಲೆ, ಸೀರೆ, ಮೂಗುಬೊಟ್ಟು.

ಬದಲಾಗಬೇಕು: ಕೆನ್ನೆ ಮತ್ತು ಕಣತಲೆ ಸ್ವಲ್ಪ ಬತ್ತಲಿ. ದವಡೆಯ ಅಂಚು
ಗದ್ದದ ಪಕ್ಕ ಸಡಿಲವಾಗಲಿ. ಮೇಲ್‌ರೆಪ್ಪೆ ಇಳಿಯಲಿ, ಕಣ್ಣ ಕೆಳಗೆ ಊತ
ಮತ್ತು ಕಪ್ಪು ಇರಲಿ. ಮೇಲ್ದುಟಿ ತೆಳುವಾಗಲಿ. ಕಿವಿಹಾಲೆ ಉದ್ದವಾಗಿ,
ಓಲೆಯ ತೂತು ಕೆಳಕ್ಕೆ ಜಗ್ಗಿರಲಿ. ಕೆನ್ನೆಯ ಮೇಲೆ ತಿಳಿಯಾದ ಬಂಗು.
ಸುಕ್ಕು ಕಣ್ಣಂಚು ಮತ್ತು ಹಣೆಯಲ್ಲಿ ಮಾತ್ರ, ಎರಡು ಬದಿ ಒಂದೇ ಥರ ಬೇಡ.
ಕೂದಲು ಕಣತಲೆ ಮತ್ತು ಬೈತಲೆಯಲ್ಲಿ ನರೆತಿರಲಿ, ಹಿಂದೆ ಕಪ್ಪು ಉಳಿದಿರಲಿ;
ಬೈತಲೆ ಅಗಲವಾಗಲಿ. ಕುತ್ತಿಗೆಗೂ ಅದೇ ವಯಸ್ಸು ಕಾಣಲಿ.
```

ಇದರಲ್ಲಿ ಎರಡು ಮೂರು ಅಂಶಗಳ ಬಗ್ಗೆ ಹೇಳಬೇಕು. ಈಗಿನ ವಯಸ್ಸು, ಬೇಕಾದ ವಯಸ್ಸು ಎರಡನ್ನೂ ಕೊಡುವುದರಿಂದ ಮಾಡೆಲ್‌ಗೆ ಎಷ್ಟು ದೂರ ಸಾಗಬೇಕೆಂದು ತಿಳಿಯುತ್ತದೆ. ‘ಮುದುಕಿ’ ಎಂಬ ಪದ ಎಲ್ಲಿಯೂ ಇಲ್ಲ. ಆ ಪದ ಬಂದರೆ ಅದರ ಬೆನ್ನಿಗೇ ಸರಾಸರಿ ಅಜ್ಜಿಯೂ ಬರುತ್ತಾಳೆ. ಓಲೆಯ ತೂತಿನ ಮಾತು ಸಣ್ಣದೆಂದು ಅನಿಸಬಹುದು. ಆದರೆ ಎಳೆ ವಯಸ್ಸಿನಿಂದ ಭಾರದ ಓಲೆ ತೊಟ್ಟ ಕಿವಿಯಲ್ಲಿ ತೂತು ಗುಂಡಗಿದ್ದದ್ದು ಉದ್ದ ಸೀಳಿನಂತಾಗುವುದನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ನೋಡುಗರು ಚಿತ್ರವನ್ನು ನಂಬುವುದು ಇಂಥ ಕಡೆಗಳಲ್ಲಿ, ಸುಕ್ಕಿನ ಎಣಿಕೆಯಲ್ಲಲ್ಲ. ಜೆಮಿನಿ, ಚಾಟ್‌ಜಿಪಿಟಿಗಳಿಗೆ ಕನ್ನಡದಲ್ಲಿ ಬರೆದರೂ ಅರ್ಥವಾಗುತ್ತದೆ. ಫ್ಲಕ್ಸ್, ಸ್ಟೇಬಲ್ ಡಿಫ್ಯೂಷನ್‌ಗಳಿಗೆ ಇದನ್ನೇ ಇಂಗ್ಲಿಷಿನಲ್ಲಿ, ಇನ್ನೂ ಚಿಕ್ಕದಾಗಿ ಬರೆಯಬೇಕಾಗುತ್ತದೆ.

ಮೊದಲ ಸಲಕ್ಕೇ ಎಲ್ಲವೂ ಸರಿಬರುವುದಿಲ್ಲ. ಈ ಉದಾಹರಣೆಯಲ್ಲಿ ಸಾಮಾನ್ಯವಾಗಿ ಕೆಡುವುದು ಕಣ್ಣು. ಸುತ್ತಲ ಚರ್ಮಕ್ಕೆ ವಯಸ್ಸಾದರೂ ಕಣ್ಣಿನ ಬಿಳಿಭಾಗ ಹಾಲಿನಂತೆ ಹೊಳೆಯುತ್ತ, ರೆಪ್ಪೆಗೂದಲು ದಟ್ಟವಾಗಿ ಉಳಿದುಬಿಡುತ್ತದೆ. ಮುಖವಾಡದೊಳಗಿಂದ ತರುಣಿಯೊಬ್ಬಳು ನೋಡುತ್ತಿರುವಂತೆ ಕಾಣುತ್ತದೆ. ವಯಸ್ಸಾದವರ ಕಣ್ಪಾಪೆಯ ಅಂಚಿನಲ್ಲಿ ಮೂಡುವ ತಿಳಿಬೂದು ಉಂಗುರವನ್ನು ಕೇಳಿದರೆ ಇನ್ನೊಂದು ತೊಡಕು: ಕೆಲವು ಮಾಡೆಲ್‌ಗಳು ಇಡೀ ಕಣ್ಣನ್ನೇ ನೀಲಿ ಮಾಡುತ್ತವೆ. ಆಗ ‘ಕಣ್ಣು ಕಂದು ಬಣ್ಣದ್ದೇ ಇರಲಿ, ಬಿಳಿಭಾಗ ತುಸು ಮಾಸಲಿ, ರೆಪ್ಪೆಗೂದಲು ವಿರಳವಾಗಲಿ’ ಎಂದು ತಿದ್ದಬೇಕು. ಉಂಗುರದ ಆಸೆ ಬಿಡುವುದೇ ಮೇಲು.

ತಿದ್ದುವಾಗ ಒಂದು ಬಲೆಯಿದೆ. ಬಂದ ಚಿತ್ರವನ್ನೇ ಮತ್ತೆ ಕೊಟ್ಟು ‘ಇನ್ನು ಸ್ವಲ್ಪ ನರೆ’, ‘ಇನ್ನು ಸ್ವಲ್ಪ ಜೋಲು’ ಎನ್ನುತ್ತ ಹೋದರೆ ಪ್ರತಿ ಸಲವೂ ಮುಖ ಕೂದಲೆಳೆಯಷ್ಟು ಬದಲಾಗುತ್ತದೆ. ಮಾಡೆಲ್ ಪ್ರತಿ ಸುತ್ತಿನಲ್ಲೂ ಇಡೀ ಚಿತ್ರವನ್ನು ಹೊಸದಾಗಿ ಬರೆಯುವುದರಿಂದ ಹೀಗಾಗುತ್ತದೆ. ಐದಾರು ಸುತ್ತಿಗೆ ಬೇರೆ ಯಾರೋ ಕೂತಿರುತ್ತಾರೆ, ನಿಧಾನವಾಗಿ ಆದದ್ದರಿಂದ ಗಮನಕ್ಕೂ ಬಂದಿರುವುದಿಲ್ಲ. ತಪ್ಪು ಕಂಡಾಗ ಪ್ರಾಂಪ್ಟ್ ತಿದ್ದಿ, ಮೂಲ ಫೋಟೋದಿಂದಲೇ ಮತ್ತೆ ಶುರು ಮಾಡುವುದು ಸರಿಯಾದ ದಾರಿ. 45, 55, 65 ಎಂದು ಮೂರು ಚಿತ್ರ ಬೇಕಿದ್ದರೂ ಮೂರನ್ನೂ 30ರ ಫೋಟೋದಿಂದಲೇ ತೆಗೆಯಬೇಕು. ಹೀಗೆ ಮೂರನ್ನು ಸಾಲಾಗಿಟ್ಟರೆ ಒಂದು ಲಾಭವೂ ಇದೆ: 55ರಲ್ಲಿ ಇದ್ದ ಗೆರೆ 65ರಲ್ಲಿ ಇಲ್ಲದಿದ್ದರೆ ಎರಡರಲ್ಲೊಂದು ತಪ್ಪೆಂದು ತಕ್ಷಣ ತಿಳಿಯುತ್ತದೆ.

ತಮ್ಮ ಕಂಪ್ಯೂಟರಿನಲ್ಲೇ ಸ್ಟೇಬಲ್ ಡಿಫ್ಯೂಷನ್ ಓಡಿಸುವವರ ಕೈಯಲ್ಲಿ ಮೂಲ ಚಿತ್ರವನ್ನು ಎಷ್ಟು ಅಳಿಸಿ ಬರೆಯಬೇಕೆಂದು ಹೇಳುವ `denoising strength` ಎಂಬ ಇನ್ನೊಂದು ಹಿಡಿತವಿರುತ್ತದೆ. 0.3ರ ಕೆಳಗೆ ಚರ್ಮದ ಮೇಲ್ಮೈ ಮಾತ್ರ ಬದಲಾಗುತ್ತದೆ. ತುಂಬು ಕೆನ್ನೆಯ ಮೇಲೆ ಗೆರೆ ಎಳೆದ ಚಿತ್ರಗಳು ಹುಟ್ಟುವುದು ಇಲ್ಲಿ. 0.7 ದಾಟಿದರೆ ಸಾಮಾನ್ಯವಾಗಿ ಮನುಷ್ಯರೇ ಬೇರೆಯಾಗುತ್ತಾರೆ. 0.4ರಿಂದ 0.55ರ ನಡುವೆ ಹುಡುಕುವುದು ವಾಡಿಕೆ, ಆದರೆ ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬದಲಾಗುತ್ತದೆ. ಗುರುತು ಉಳಿಸಲೆಂದು ಇನ್‌ಸ್ಟಂಟ್‌ಐಡಿಯಂಥ ಸಹಾಯಕ ಸಾಧನ ಸೇರಿಸಿದರೆ ಅದರ ಬಿಗಿಯನ್ನು ತುಸು ಸಡಿಲಿಸಬೇಕು. ಪೂರ್ತಿ ಬಿಗಿಯಿದ್ದರೆ ಅದು ಗುರುತಿನ ಜೊತೆ ಹರೆಯವನ್ನೂ ಹಿಡಿದಿಡುತ್ತದೆ.

ಬಂದ ಚಿತ್ರ ಸರಿಯಿದೆಯೇ ಎಂದು ನೋಡಲು ಕಣ್ಣಂದಾಜು ಸಾಲದು, ಏಕೆಂದರೆ ತಯಾರಿಸಿದವರ ಕಣ್ಣು ಅಷ್ಟರಲ್ಲಿ ಆ ಮುಖಕ್ಕೆ ಒಗ್ಗಿಹೋಗಿರುತ್ತದೆ. ಯಾವುದಾದರೂ ಫೋಟೋ ಎಡಿಟರ್‌ನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಅರೆಪಾರದರ್ಶಕ ಮಾಡಿ, ಕಣ್ಣಾಲಿಗಳನ್ನು ಒಂದಕ್ಕೊಂದು ಹೊಂದಿಸಬೇಕು. ಆಗ ಕಣ್ಣಿನ ಒಳಮೂಲೆಗಳು, ಮೂಗಿನ ದಂಡು, ಮಚ್ಚೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರಬೇಕು. ಹುಬ್ಬಿನ ಹೊರತುದಿ, ಮೂಗಿನ ತುದಿ, ಬಾಯಿಯ ಅಂಚು, ಕೆನ್ನೆಯ ಗೀಟು ಕೆಳಗಿಳಿದಿರಬೇಕು. ಮೊದಲಿನವು ಸರಿದಿದ್ದರೆ ವ್ಯಕ್ತಿ ಬದಲಾಗಿದ್ದಾರೆ. ಎರಡನೆಯವು ಸರಿದೇ ಇಲ್ಲದಿದ್ದರೆ ವಯಸ್ಸಾಗಿಲ್ಲ, ಬಣ್ಣ ಮಾತ್ರ ಬಳಿದಿದೆ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಕೂದಲು ಕುತ್ತಿಗೆಗಳನ್ನು ಮುಚ್ಚಿ, ಹುಬ್ಬಿನಿಂದ ಮೂಗಿನವರೆಗಿನ ಪಟ್ಟಿಯನ್ನಷ್ಟೇ ನಟಿಯನ್ನು ಬಲ್ಲವರಿಗೆ ತೋರಿಸಿ ‘ಯಾರಿದು’ ಎಂದು ಕೇಳುವುದು. ಅವರು ಹೆಸರು ಹೇಳಿದರೆ ಗೆದ್ದಂತೆ. ‘ಅವರ ಅಮ್ಮ ಅಲ್ಲವಾ’ ಎಂದರೆ ಮುಖ ಜಾರಿದೆ, ಆದರೆ ಹೆಚ್ಚು ದೂರ ಹೋಗಿಲ್ಲ.

ಮುಖ ಗುರುತಿಸುವ ಸಾಫ್ಟ್‌ವೇರ್ ಕೊಡುವ ಹೋಲಿಕೆಯ ಅಂಕವನ್ನು ನೆಚ್ಚಿಕೊಳ್ಳುವವರೂ ಇದ್ದಾರೆ. ಇಲ್ಲಿ ತುಸು ಎಚ್ಚರ ಬೇಕು. ನಿಜವಾದ ಮನುಷ್ಯರ ಫೋಟೋಗಳ ನಡುವೆಯೂ ವರ್ಷಗಳ ಅಂತರ ಹೆಚ್ಚಿದಂತೆ ಆ ಅಂಕ ಇಳಿಯುತ್ತದೆ. ಆದ್ದರಿಂದ 30ರ ಮುಖಕ್ಕೂ 65ರ ಚಿತ್ರಕ್ಕೂ ಪೂರ್ತಿಗೆ ಹತ್ತಿರ ಅಂಕ ಬಂದರೆ ಅದು ಹೊಗಳಿಕೆಯಲ್ಲ, ಮುಖಕ್ಕೆ ವಯಸ್ಸೇ ಆಗಿಲ್ಲ ಎಂಬುದರ ಸೂಚನೆ.

ಎಷ್ಟೇ ಎಚ್ಚರದಿಂದ ಮಾಡಿದರೂ ಬಂದದ್ದು ಹಲವು ಸಾಧ್ಯತೆಗಳಲ್ಲಿ ಒಂದು. ಅವಳಿಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಂದೇ ವಂಶವಾಹಿ ಹಂಚಿಕೊಂಡ ಜೋಡಿಗಳೂ ಬಿಸಿಲು, ಧೂಮಪಾನ, ಮೈತೂಕಗಳ ವ್ಯತ್ಯಾಸದಿಂದ ಬೇರೆ ಬೇರೆ ವಯಸ್ಸಿನವರಂತೆ ಕಂಡಿದ್ದರು. ಅದರಲ್ಲೊಂದು ವಿಚಿತ್ರವೂ ಇತ್ತು: ನಲವತ್ತರೊಳಗೆ ತೂಕ ಹೆಚ್ಚಿದ್ದವರು ತಮ್ಮ ಜೋಡಿಗಿಂತ ಹಿರಿಯರಂತೆ ಕಂಡರೆ, ನಲವತ್ತು ದಾಟಿದ ಮೇಲೆ ತೂಕವಿದ್ದವರೇ ಕಿರಿಯರಂತೆ ಕಂಡರು. ಮುಖದ ತುಂಬು ಉಳಿದದ್ದೇ ಅದಕ್ಕೆ ಕಾರಣವಿರಬೇಕು. ಹಾಗಾಗಿ ಪ್ರಾಂಪ್ಟ್‌ನಲ್ಲಿ ಬದುಕಿನ ಬಗೆಯನ್ನೂ ಸೇರಿಸುವುದುಂಟು: ‘ಬಯಲಲ್ಲಿ ದುಡಿದವರು’ ಎಂದರೆ ಬಂಗು, ಕಣ್ಣಂಚಿನ ಗೆರೆ ಹೆಚ್ಚುತ್ತವೆ, ‘ಹಿಂದಿನ ಹಲ್ಲುಗಳು ಬಿದ್ದಿವೆ’ ಎಂದರೆ ಕೆನ್ನೆ ಒಳಸರಿದು ಗದ್ದ ಮುಂದೆ ಬರುತ್ತದೆ. ಕಿರುಚಿತ್ರದ ನಟಿಯ ವಿಷಯದಲ್ಲಿ ಕಥೆಯೇ ಇದನ್ನು ತೀರ್ಮಾನಿಸುತ್ತದೆ. ಕಾಣೆಯಾದವರ ಹುಡುಕಾಟದಂಥ ಕೆಲಸದಲ್ಲಿ ಬದುಕು ಹೇಗೆ ಸಾಗಿತೆಂದು ಯಾರಿಗೂ ತಿಳಿದಿರುವುದಿಲ್ಲ. ಅಲ್ಲಿ ತೆಳ್ಳಗಿನದೊಂದು, ತುಂಬಿಕೊಂಡದ್ದೊಂದು, ಕೂದಲಿಗೆ ಬಣ್ಣ ಹಚ್ಚಿದ್ದೊಂದು ಎಂದು ಎರಡು ಮೂರು ಚಿತ್ರಗಳನ್ನು ಒಟ್ಟಿಗೆ ಇಡುವುದು ಒಂದೇ ಚಿತ್ರವನ್ನು ನೆಚ್ಚುವುದಕ್ಕಿಂತ ಪ್ರಾಮಾಣಿಕ.